ಬೇಲಿಯೊಳಗಿನ ಬಯಲು: ಮಹಿಳೆಯರ ಕಾಲ್ಚೆಂಡಾಟದ ನಿಷೇಧವೂ ಪುನರುದಯವೂ

೧೯೨೦ನೆಯ ಇಸವಿಯ ಡಿಸೆಂಬರ್ ೨೬ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಮಹಿಳೆಯರ ಎರಡು ತಂಡಗಳು ಕಾಲ್ಚೆಂಡಾಟವಾಡಿದುವು. ಸುಮಾರು ೫೩,೦೦೦ ಜನ ಟಿಕೆಟ್ಟು ಕೊಂಡು ಒಳಹೊಕ್ಕರು. ಸ್ಥಳ ಸಾಲದೆ ಸಾವಿರಾರು ಮಂದಿ ಹೊರಗಡೆಯೇ ಉಳಿದರು. ಅಂದು ಕೂಡಿದ ಹಣ ಮೂರು ಸಾವಿರ ಪೌಂಡುಗಳಿಗೂ ಮಿಕ್ಕಿತ್ತು. ಮುಂದಿನ ವರ್ಷದ ಅದೇ ಡಿಸೆಂಬರ್ ತಿಂಗಳಲ್ಲಿ ಅದೇ ತಂಡಗಳಿಗೆ ಇಂಗ್ಲೆಂಡಿನ ಯಾವ ಪ್ರಮುಖ ಕಾಲ್ಚೆಂಡಿನ ಮೈದಾನದಲ್ಲಿಯೂ ಕಾಲಿಡಲು ಎಡೆಯಿಲ್ಲದಂತಾಯಿತು. ನೋಡುವವರ ಆಸಕ್ತಿ ಕುಂದಿರಲಿಲ್ಲ, ಆಡುವವರು ಬೇಸತ್ತಿರಲಿಲ್ಲ, ಪಾರ್ಲಿಮೆಂಟು ಯಾವ ಶಾಸನವನ್ನೂ ಮಾಡಿರಲಿಲ್ಲ. ಹಾಗಿದ್ದೂ ಒಂದು ಆಟ ಐವತ್ತು ವರ್ಷಗಳ ಕಾಲ ಜನರ ಕಣ್ಣಿನಿಂದ ಮರೆಯಾಯಿತು. ಇದು ಹೇಗೆ ಸಾಧ್ಯವಾಯಿತು, ಮತ್ತೆ ಹೇಗೆ ಸಡಿಲವಾಯಿತು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ನಿಷೇಧಿಸಿದವರ ಅಧಿಕಾರದ ಸ್ವರೂಪವನ್ನು ತಿಳಿಯಬೇಕು. ೧೮೬೩ರಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಸರ್ಕಾರದ ಅಂಗವಲ್ಲ. ಅದು ಕ್ಲಬ್ಬುಗಳು ಸೇರಿ ಕಟ್ಟಿಕೊಂಡ ಖಾಸಗಿ ಸಂಸ್ಥೆ. ಊರ ಹೊರಗಿನ ಹುಲ್ಲುಗಾವಲಿನಲ್ಲಿ ಇಪ್ಪತ್ತೆರಡು ಮಂದಿ ಹೆಂಗಸರು ಚೆಂಡನ್ನು ಒದೆದರೆ ಅದನ್ನು ತಡೆಯುವ ಶಕ್ತಿ ಅದಕ್ಕೆ ಎಂದೂ ಇರಲಿಲ್ಲ. ಆದರೆ ಆವರಣದ ಗೋಡೆ, ಹಣ ಪಡೆದು ಒಳಬಿಡುವ ಬಾಗಿಲು, ಕುಳಿತು ನೋಡಲು ಅಟ್ಟಣೆ ಇವುಗಳುಳ್ಳ ಮೈದಾನಗಳೆಲ್ಲ ಬಹುಮಟ್ಟಿಗೆ ಅದರ ಸದಸ್ಯ ಕ್ಲಬ್ಬುಗಳ ವಶದಲ್ಲಿದ್ದುವು. ಕಟ್ಟಳೆಯನ್ನು ಮೀರಿದ ಕ್ಲಬ್ಬಿಗೆ ಸದಸ್ಯತ್ವ ತಪ್ಪುವ ಭಯ. ಸದಸ್ಯತ್ವ ತಪ್ಪಿದರೆ ಅದರೊಡನೆ ಆಡುವವರೇ ಇಲ್ಲ. ನಮ್ಮ ಹಳ್ಳಿಗಳ ಹಳೆಯ ಬಹಿಷ್ಕಾರವನ್ನು ಬಲ್ಲವರಿಗೆ ಈ ತಂತ್ರ ಅಪರಿಚಿತವಲ್ಲ. ಬಹಿಷ್ಕೃತನನ್ನು ಯಾರೂ ಹೊಡೆಯುತ್ತಿರಲಿಲ್ಲ. ಊರ ಬಾವಿಯ ನೀರು ಅವನಿಗಿಲ್ಲ, ಅಗಸ ಬಟ್ಟೆ ಒಗೆಯುವುದಿಲ್ಲ, ಅವನಿಗೆ ನೆರವಾದವನಿಗೂ ಅದೇ ಗತಿ, ಅಷ್ಟೆ. ಮಹಿಳೆಯರ ಆಟಕ್ಕೆ ಬಿದ್ದ ಪೆಟ್ಟು ಈ ಜಾತಿಯದು.

ಮಹಿಳೆಯರ ಆಟ ಮಹಾಯುದ್ಧದ ಕಾಲದಲ್ಲಿ ಹಠಾತ್ತನೆ ಹುಟ್ಟಿದುದಲ್ಲ. ೧೮೮೧ರ ಮೇ ತಿಂಗಳಿನಲ್ಲಿಯೇ ಇಂಗ್ಲೆಂಡ್, ಸ್ಕಾಟ್ಲೆಂಡ್ ಎಂಬ ಹೆಸರಿಟ್ಟುಕೊಂಡ ಮಹಿಳೆಯರ ತಂಡಗಳು ಎಡಿನ್‌ಬರೋದಲ್ಲಿ ಆಡಿದ್ದುವು. ಅನಂತರ ಗ್ಲಾಸ್ಗೋದಲ್ಲಿ ಜನ ಮೈದಾನಕ್ಕೆ ನುಗ್ಗಿದುದರಿಂದ ಆಟ ನಿಂತುಹೋಯಿತು. ೧೮೯೫ರ ಮಾರ್ಚಿಯಲ್ಲಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ಬು ಲಂಡನ್ನಿನ ಉತ್ತರಭಾಗದ ಕ್ರೌಚ್ ಎಂಡ್‌ನಲ್ಲಿ ತನ್ನ ಮೊದಲ ಪಂದ್ಯವನ್ನಾಡಿತು. ನೆಟ್ಟೀ ಹನಿಬಾಲ್ ಎಂಬ ಹೆಸರಿನಿಂದ ಕಾಣಿಸಿಕೊಂಡ ಮಹಿಳೆ ಅದರ ಕಾರ್ಯದರ್ಶಿನಿ; ಲೇಡಿ ಫ್ಲಾರೆನ್ಸ್ ಡಿಕ್ಸಿ ಅದರ ಅಧ್ಯಕ್ಷಿಣಿ. ಸುಮಾರು ಹತ್ತು ಸಾವಿರ ಮಂದಿ ನೋಡಲು ಬಂದರು. ಆದರೆ ಬಂದವರಲ್ಲಿ ಹೆಚ್ಚಿನವರಿಗೆ ಅದೊಂದು ಸೋಜಿಗ. ಪತ್ರಿಕೆಗಳ ಗಮನವೆಲ್ಲ ಆಟಕ್ಕಿಂತ ಉಡುಪಿನ ಮೇಲೆ. ೧೯೦೨ರಲ್ಲಿ ಅಸೋಸಿಯೇಷನ್ನು ತನ್ನ ಕ್ಲಬ್ಬುಗಳು ಮಹಿಳೆಯರ ತಂಡಗಳೊಡನೆ ಆಡಕೂಡದೆಂದು ಸೂಚಿಸಿತು. ಆಗ ಆ ಸೂಚನೆಯಿಂದ ಹೆಚ್ಚಿನ ಹಾನಿಯಾಗಲಿಲ್ಲ. ಕಸಿದುಕೊಳ್ಳುವಂಥದು ಇನ್ನೂ ಬೆಳೆದಿರಲಿಲ್ಲ.

ಅದನ್ನು ಬೆಳೆಸಿದುದು ಮೊದಲನೆಯ ಮಹಾಯುದ್ಧದ ಕಾರ್ಖಾನೆ. ಗಂಡಸರು ರಣರಂಗಕ್ಕೆ ಹೋದಂತೆ ಮದ್ದುಗುಂಡುಗಳ ತಯಾರಿಕೆಗೆ ಲಕ್ಷಾಂತರ ಯುವತಿಯರು ಸೇರಿದರು. ಪುರುಷರ ಲೀಗ್ ಪಂದ್ಯಗಳು ೧೯೧೫ರಲ್ಲಿ ನಿಂತುಹೋದುವು. ಲ್ಯಾಂಕಷೈರ್ ಪ್ರಾಂತದ ಪ್ರೆಸ್ಟನ್ ಪಟ್ಟಣದಲ್ಲಿ ಡಿಕ್, ಕೆರ್ ಎಂಬ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಶಾಂತಿಕಾಲದಲ್ಲಿ ಟ್ರಾಮ್ ಗಾಡಿಗಳನ್ನು ಮಾಡುತ್ತಿದ್ದ ಅದು ಯುದ್ಧಕಾಲದಲ್ಲಿ ಮದ್ದುಗುಂಡುಗಳನ್ನು ಮಾಡತೊಡಗಿತು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡೊದೆಯುತ್ತಿದ್ದ ಅಲ್ಲಿಯ ಹುಡುಗಿಯರು ೧೯೧೭ರಲ್ಲಿ ಕಾರ್ಖಾನೆಯ ಗಂಡಸರೊಡನೆ ಪಂತ ಕಟ್ಟಿ ಆಡಿದರು. ಕಚೇರಿಯ ನೌಕರನಾಗಿದ್ದ ಆಲ್‌ಫ್ರೆಡ್ ಫ್ರ್ಯಾಂಕ್‌ಲೆಂಡ್ ಎಂಬಾತ ಈ ಆಟದಲ್ಲಿ ಜನರನ್ನು ಸೆಳೆಯುವ ಶಕ್ತಿಯನ್ನು ಕಂಡು ತಂಡದ ವ್ಯವಸ್ಥೆಯನ್ನು ಕೈಗೆತ್ತಿಕೊಂಡನು. ಆ ವರ್ಷದ ಕ್ರಿಸ್‌ಮಸ್ ದಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನವನ್ನು ಬಾಡಿಗೆಗೆ ಪಡೆದು, ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಮತ್ತೊಂದು ಕಾರ್ಖಾನೆಯ ಮಹಿಳೆಯರೊಡನೆ ಪಂದ್ಯವನ್ನೇರ್ಪಡಿಸಿದನು. ಹತ್ತು ಸಾವಿರ ಮಂದಿ ಬಂದರು. ಡಿಕ್, ಕೆರ್ ತಂಡ ನಾಲ್ಕು ಗೋಲುಗಳಿಂದ ಗೆದ್ದಿತು.

ಈ ಏರ್ಪಾಟಿನಲ್ಲಿ ಎಲ್ಲರಿಗೂ ಲಾಭವಿತ್ತು. ಪಂದ್ಯಗಳಿಲ್ಲದೆ ಬರಿದಾಗಿದ್ದ ಮೈದಾನದ ಒಡೆಯರಿಗೆ ಬಾಡಿಗೆ ಬಂದಿತು. ಆಸ್ಪತ್ರೆಗೆ ಹಣ ಬಂದಿತು. ಕಾರ್ಖಾನೆಗೆ ಒಳ್ಳೆಯ ಹೆಸರು ಬಂದಿತು. ಆಡುವ ಹುಡುಗಿಯರಿಗೆ ಪ್ರಯಾಣವೆಚ್ಚ ಮತ್ತು ತಪ್ಪಿದ ದಿನಗೂಲಿಯ ಬಾಬ್ತು ಪಂದ್ಯಕ್ಕೆ ಹತ್ತು ಷಿಲಿಂಗುಗಳಷ್ಟು ಸಿಕ್ಕಿತು. ಈ ಹತ್ತು ಷಿಲಿಂಗುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದೇ ಆಪಾದನೆಗೆ ದಾರಿಯಾಯಿತು. ಇನ್ನೊಂದು ಮಾತು: ಪುರುಷರ ಆಟ ನಿಂತಿದ್ದುದರಿಂದಲೇ ಮಹಿಳೆಯರಿಗೆ ಬಾಗಿಲು ತೆರೆದಿತ್ತು. ಮೈದಾನ ಅವರದಾಗಿರಲಿಲ್ಲ, ಅದು ಎರವಲಿನ ಮೈದಾನ.

ಯುದ್ಧ ಮುಗಿದ ಮೇಲೂ ಆಟ ಮುಗಿಯಲಿಲ್ಲ. ೧೯೨೦ರಲ್ಲಿ ಆಲಿಸ್ ಮಿಲಿಯಾ ಅವರು ಕರೆತಂದ ಫ್ರಾನ್ಸಿನ ತಂಡವೊಂದು ಇಂಗ್ಲೆಂಡಿಗೆ ಬಂದು ಡೀಪ್‌ಡೇಲಿನಲ್ಲಿ ೨೫,೦೦೦ ಜನರ ಮುಂದೆ ಆಡಿತು. ಅದೇ ವರ್ಷ ಡಿಕ್, ಕೆರ್ ತಂಡ ಫ್ರಾನ್ಸಿಗೆ ಹೋಗಿ ಆಡಿ ಬಂದಿತು. ಡಿಸೆಂಬರ್ ತಿಂಗಳಿನಲ್ಲಿ ನಿರುದ್ಯೋಗಿಗಳಾದ ಮಾಜಿ ಸೈನಿಕರ ನೆರವಿಗಾಗಿ ರಾತ್ರಿಯ ಪಂದ್ಯವೊಂದನ್ನು ನಡೆಸಲಾಯಿತು. ಶತ್ರುವಿಮಾನಗಳನ್ನು ಹುಡುಕಲು ಬಳಸುತ್ತಿದ್ದ ಎರಡು ಶೋಧಕ ದೀಪಗಳನ್ನು ಯುದ್ಧ ಖಾತೆಯ ಅನುಮತಿಯಿಂದ ತರಿಸಿ, ಚೆಂಡು ಕಾಣುವಂತೆ ಅದಕ್ಕೆ ಬಿಳಿಯ ಬಣ್ಣ ಬಳಿದು ಆಡಿದರು. ಅದಾದ ಹತ್ತು ದಿನಗಳಿಗೆ ಗುಡಿಸನ್ ಪಾರ್ಕಿನ ಪಂದ್ಯ ನಡೆಯಿತು. ಸೇಂಟ್ ಹೆಲೆನ್ಸ್ ಪಟ್ಟಣದ ಲಿಲಿ ಪಾರ್ ಎಂಬ ಹುಡುಗಿ ತಂಡವನ್ನು ಸೇರಿದುದು ಈ ಕಾಲದಲ್ಲಿಯೇ. ೧೯೦೫ರಲ್ಲಿ ಹುಟ್ಟಿದ ಆಕೆಗೆ ಇನ್ನೂ ಹದಿಹರೆಯ. ಎಡಗಾಲಿನ ಅವಳ ಒದೆತದ ಬಲ ನೋಡಿದವರ ಬಾಯಲ್ಲಿ ಕಥೆಯಾಗಿ ಉಳಿಯಿತು.

೧೯೨೧ರಲ್ಲಿ ಪರಿಸ್ಥಿತಿ ಎರಡು ರೀತಿಯಲ್ಲಿ ಬದಲಾಯಿತು. ೧೯೧೯ರಲ್ಲಿ ಮತ್ತೆ ಮೊದಲಾಗಿದ್ದ ಪುರುಷರ ಲೀಗು ೧೯೨೦ ಮತ್ತು ೧೯೨೧ರಲ್ಲಿ ಮೂರನೆಯ ದರ್ಜೆಯ ವಿಭಾಗಗಳನ್ನು ಸೇರಿಸಿಕೊಂಡು ಬಹಳ ದೊಡ್ಡದಾಯಿತು. ಹೊಸದಾಗಿ ಸೇರಿದ ಕ್ಲಬ್ಬುಗಳೆಲ್ಲ ಬಾಗಿಲಿನಲ್ಲಿ ಕೂಡುವ ಹಣದಿಂದಲೇ ಜೀವಿಸಬೇಕಾಗಿತ್ತು. ಅದೇ ಊರಿನಲ್ಲಿ ಮಹಿಳೆಯರ ಆಟಕ್ಕೆ ಸಾವಿರಾರು ಜನ ಸೇರುವುದು ಅವುಗಳ ಪಾಲಿಗೆ ಇನ್ನು ಬಾಡಿಗೆಯ ಲಾಭವಲ್ಲ, ಸ್ಪರ್ಧೆ. ಎರಡನೆಯದಾಗಿ, ಆ ವರ್ಷದ ಏಪ್ರಿಲಿನಿಂದ ಜುಲೈವರೆಗೆ ಗಣಿಯ ಒಡೆಯರು ಕಾರ್ಮಿಕರನ್ನು ಹೊರಗಿಟ್ಟು ಗಣಿಗಳನ್ನು ಮುಚ್ಚಿದ್ದರು. ಮಹಿಳೆಯರ ತಂಡಗಳು ಗಣಿಗಾರರ ಹಸಿದ ಸಂಸಾರಗಳಿಗಾಗಿ ಆಡತೊಡಗಿದುವು. ಗಾಯಾಳು ಸೈನಿಕನಿಗಾಗಿ ಆಡಿದಾಗ ದೇಶಭಕ್ತಿಯೆನಿಸಿದ ಆಟ, ಹೊರದೂಡಲ್ಪಟ್ಟ ಕಾರ್ಮಿಕನಿಗಾಗಿ ಆಡಿದಾಗ ರಾಜಕೀಯವೆಂದು ಕಂಡಿತು. ನಿಷೇಧಕ್ಕೆ ಇದೂ ಒಂದು ಕಾರಣವೆಂದು ಇತಿಹಾಸಕಾರರು ಊಹಿಸುತ್ತಾರೆ. ನಿರ್ಣಯದ ಮಾತುಗಳಲ್ಲಿ ಇದರ ಸುಳಿವಿಲ್ಲ.

ಬಾಗಿಲು ಒಂದೇ ಏಟಿಗೆ ಮುಚ್ಚಲಿಲ್ಲ. ೧೯೨೧ರ ಅಕ್ಟೋಬರಿನಲ್ಲಿ ಅಸೋಸಿಯೇಷನ್ನು ಮಹಿಳೆಯರ ಪಂದ್ಯಕ್ಕೆ ಮೈದಾನ ಕೊಡುವ ಮೊದಲು ತನ್ನ ಅನುಮತಿ ಪಡೆಯಬೇಕೆಂದೂ, ಮೈದಾನದ ಕ್ಲಬ್ಬೇ ಜಮಾಖರ್ಚಿಗೆ ಹೊಣೆಯಾಗಿ ಲೆಕ್ಕವನ್ನು ಕಳುಹಬೇಕೆಂದೂ ವಿಧಿಸಿತು. ಡಿಸೆಂಬರ್ ೫ರಂದು ಅದರ ಮಂಡಲಿ ಪೂರ್ಣ ನಿರ್ಣಯವನ್ನು ಮಾಡಿತು. ಕಾಲ್ಚೆಂಡಾಟ ಹೆಂಗಸರಿಗೆ ತಕ್ಕುದಲ್ಲ, ಅದಕ್ಕೆ ಪ್ರೋತ್ಸಾಹ ಕೂಡದು ಎಂಬುದು ಅದರ ಮೊದಲ ಮಾತು. ಕೂಡಿದ ಹಣದಲ್ಲಿ ಅತಿಯಾದ ಪಾಲು ವೆಚ್ಚಕ್ಕೆ ಹೋಗುತ್ತಿದೆ, ಧರ್ಮಕಾರ್ಯಕ್ಕೆ ಸಾಕಷ್ಟು ಮುಟ್ಟುತ್ತಿಲ್ಲ ಎಂಬುದು ಎರಡನೆಯದು. ಆದಕಾರಣ ಸದಸ್ಯ ಕ್ಲಬ್ಬುಗಳು ಇಂಥ ಪಂದ್ಯಗಳಿಗೆ ಮೈದಾನವನ್ನು ನಿರಾಕರಿಸಬೇಕೆಂಬುದು ಕೊನೆಯ ಮಾತು.

ಈ ನಿರ್ಣಯದ ಎರಡು ಕಾರಣಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದನ್ನು ಗಮನಿಸಬೇಕು. ಆಟ ಸ್ತ್ರೀಶರೀರಕ್ಕೆ ಸಲ್ಲದೆಂಬುದು ನಿಜವಾದರೆ ಲೆಕ್ಕಪತ್ರ ಎಷ್ಟು ಚೊಕ್ಕವಾಗಿದ್ದರೂ ಅದು ಸಲ್ಲದು; ಲೆಕ್ಕಪತ್ರದಲ್ಲಿ ದೋಷವಿದ್ದರೆ ಅದಕ್ಕೆ ಮದ್ದು ಲೆಕ್ಕಪರಿಶೋಧನೆಯೇ ಹೊರತು ಆಟದ ನಿರ್ಮೂಲನವಲ್ಲ. ಅಕ್ಟೋಬರಿನಲ್ಲಿ ತಾನೇ ವಿಧಿಸಿದ ಲೆಕ್ಕದ ನಿಯಮಕ್ಕೆ ಫಲ ಕೊಡಲು ಎರಡು ತಿಂಗಳ ಕಾಲಾವಕಾಶವನ್ನೂ ಅಸೋಸಿಯೇಷನ್ನು ಕೊಡಲಿಲ್ಲ. ದೇಹದ ಪ್ರಶ್ನೆಗೆ ವೈದ್ಯರ ಬೆಂಬಲ ದೊರೆಯಿತು. ಮಹಿಳಾ ವೈದ್ಯರಲ್ಲಿ ಹೆಸರಾಂತ ಮೇರಿ ಷಾರ್ಲೀಬ್ ಕೂಡ ಈ ಆಟ ಹೆಂಗಸಿನ ಮೈಕಟ್ಟಿಗೆ ಮಿತಿಮೀರಿದುದೆಂದು ಅಭಿಪ್ರಾಯಪಟ್ಟರು. ಆದರೆ ಅದೇ ಹೆಂಗಸರು ಕಾರ್ಖಾನೆಯಲ್ಲಿ ದಿನವಿಡೀ ಮದ್ದುಗುಂಡುಗಳ ನಡುವೆ ದುಡಿದಾಗ ಆ ಮೈಕಟ್ಟಿನ ಚಿಂತೆ ಯಾವ ಮಂಡಲಿಗೂ ಹುಟ್ಟಿರಲಿಲ್ಲ. ವೆಚ್ಚದ ಪ್ರಶ್ನೆಗೆ ತಂಡದ ನಾಯಕಿ ಆಲಿಸ್ ಕೆಲ್ ಉತ್ತರ ಕೊಟ್ಟಳು: ತಾವೆಲ್ಲ ವಾರದ ಕೂಲಿಯನ್ನು ನಂಬಿದವರು, ಮನೆಯವರೂ ತಮ್ಮನ್ನು ನೆಚ್ಚಿಕೊಂಡಿದ್ದಾರೆ, ಆಡಲು ಹೋದ ದಿನದ ಕೂಲಿಯನ್ನು ತುಂಬಿಕೊಟ್ಟರೆ ಅದರಲ್ಲಿ ತಪ್ಪೇನು? ಅನುಕೂಲಸ್ಥರ ಹುಡುಗಿಯರಾಗಿದ್ದರೆ ಈ ಹತ್ತು ಷಿಲಿಂಗುಗಳ ಮಾತೇ ಏಳುತ್ತಿರಲಿಲ್ಲ. ನಿಷೇಧ ಸ್ತ್ರೀಯರ ಮೇಲೆ ಎಷ್ಟೋ ಅಷ್ಟೇ ದುಡಿಯುವ ವರ್ಗದ ಮೇಲೂ ಬಿದ್ದಿತು.

ಅದರ ಪರಿಣಾಮವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ದೊಡ್ಡ ಮೈದಾನವಿಲ್ಲದಿದ್ದರೆ ದೊಡ್ಡ ಗುಂಪಿಲ್ಲ. ಬಾಗಿಲಿಲ್ಲದ ಬಯಲಿನಲ್ಲಿ ಟಿಕೆಟ್ಟಿನ ಹಣವನ್ನು ಎತ್ತುವುದು ಕಷ್ಟ. ಹಣವಿಲ್ಲದಿದ್ದರೆ ಧರ್ಮಸಂಸ್ಥೆಗಳು ಆಹ್ವಾನಿಸುವುದಿಲ್ಲ. ದೂರದ ಊರಿಗೆ ಹೋಗಲು ರೈಲಿನ ಖರ್ಚು ಹುಟ್ಟುವುದಿಲ್ಲ. ಅಸೋಸಿಯೇಷನ್ನಿನ ಅಧೀನರಾದ ತೀರ್ಪುಗಾರರೂ ಈ ಪಂದ್ಯಗಳಿಂದ ದೂರವಿರಬೇಕಾಯಿತು. ನಿರ್ಣಯವಾದ ಕೆಲವೇ ದಿನಗಳಲ್ಲಿ ಲಿವರ್‌ಪೂಲಿನಲ್ಲಿ ಸಭೆ ಸೇರಿ ಮಹಿಳೆಯರ ತಂಡಗಳು ತಮ್ಮದೇ ಆದ ಸಂಘವೊಂದನ್ನು ಕಟ್ಟಿದುವು. ೧೯೨೨ರಲ್ಲಿ ಅದು ನಡೆಸಿದ ಕಪ್ ಪಂದ್ಯಾವಳಿಯಲ್ಲಿ ಸ್ಟೋಕ್ ತಂಡ ಗೆದ್ದಿತು. ರಗ್ಬಿ ಆಟದ ಮೈದಾನಗಳು ಅಸೋಸಿಯೇಷನ್ನಿನ ಅಂಕೆಗೆ ಒಳಪಟ್ಟಿರಲಿಲ್ಲವಾದ್ದರಿಂದ ಅಲ್ಲಲ್ಲಿ ಅವು ಆಶ್ರಯವಿತ್ತುವು. ಆದರೂ ಸಂಘ ಬಹುಕಾಲ ಬಾಳಲಿಲ್ಲ. ಡಿಕ್, ಕೆರ್ ತಂಡ ೧೯೨೨ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ ಕೆನಡದ ಸಂಸ್ಥೆಯೂ ಮೈದಾನ ಕೊಡಲೊಪ್ಪಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಪುರುಷರ ತಂಡಗಳೊಡನೆ ಆಡಿ ಮರಳಿತು.

ನಿಷೇಧ ಆಟವನ್ನು ಕೊಂದಿತೆನ್ನುವುದು ಪೂರ್ಣ ನಿಜವಲ್ಲ. ಕಂಪನಿಯ ಸಂಬಂಧ ಕಡಿದ ಮೇಲೆ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಿಂದ ಆ ತಂಡ ೧೯೬೫ರವರೆಗೂ ಬದುಕಿತು. ಲಿಲಿ ಪಾರ್ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ದುಡಿಯುತ್ತ ೧೯೫೧ರವರೆಗೂ ಆಡಿದಳು. ನಿಷೇಧ ಕೊಂದುದು ಪರಂಪರೆಯನ್ನು. ತಾಯಿ ಆಡಿದುದನ್ನು ಮಗಳು ನೋಡಲಿಲ್ಲ, ಶಾಲೆಯಲ್ಲಿ ಕಲಿಸುವವರಿಲ್ಲ, ಪತ್ರಿಕೆಯಲ್ಲಿ ಫಲಿತಾಂಶವಿಲ್ಲ. ಎರಡು ತಲೆಮಾರುಗಳ ಅನಂತರ, ಹೆಂಗಸರು ಈ ಆಟವನ್ನು ಎಂದೂ ಆಡಿದವರಲ್ಲ ಎಂಬುದೇ ಜನರ ನಂಬಿಕೆಯಾಯಿತು. ನಿಷೇಧದಿಂದ ಹುಟ್ಟಿದ ಶೂನ್ಯವೇ ನಿಷೇಧಕ್ಕೆ ಸಮರ್ಥನೆಯಾಗಿ ನಿಂತಿತು.

ಬೇರೆ ದೇಶಗಳಲ್ಲಿ ಇದೇ ಕಾರ್ಯ ಎರಡು ವಿಧಾನಗಳಿಂದ ನಡೆಯಿತು. ಬ್ರೆಜಿಲಿನಲ್ಲಿ ಸರ್ಕಾರವೇ ಮುಂದಾಯಿತು: ೧೯೪೧ರ ಶಾಸನವೊಂದು ಸ್ತ್ರೀಪ್ರಕೃತಿಗೆ ಒಗ್ಗದ ಕ್ರೀಡೆಗಳನ್ನು ಮಹಿಳೆಯರಿಗೆ ನಿಷೇಧಿಸಿತು, ೧೯೬೫ರಲ್ಲಿ ಕಾಲ್ಚೆಂಡಿನ ಹೆಸರನ್ನೆತ್ತಿಯೇ ಹೇಳಲಾಯಿತು, ೧೯೭೯ರಲ್ಲಿ ಅದು ರದ್ದಾಯಿತು. ಪಶ್ಚಿಮ ಜರ್ಮನಿಯಲ್ಲಿ ಇಂಗ್ಲೆಂಡಿನ ಮಾದರಿ. ೧೯೫೫ರಲ್ಲಿ ಅಲ್ಲಿಯ ಕಾಲ್ಚೆಂಡಿನ ಒಕ್ಕೂಟ ತನ್ನ ಕ್ಲಬ್ಬುಗಳು ಮಹಿಳಾ ವಿಭಾಗವನ್ನು ತೆರೆಯಕೂಡದು, ಮೈದಾನವನ್ನೂ ಕೊಡಕೂಡದು ಎಂದು ವಿಧಿಸಿತು. ಇಲ್ಲಿ ಈ ತಂತ್ರದ ಮಿತಿಯೂ ಕಂಡುಬರುತ್ತದೆ. ಮೈದಾನ ಕ್ಲಬ್ಬಿನದಾಗಿರದೆ ನಗರಸಭೆಯದಾಗಿದ್ದರೆ ಒಕ್ಕೂಟದ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ೧೯೫೭ರಲ್ಲಿ ಮ್ಯೂನಿಕ್ ನಗರ ತನ್ನ ಸ್ವಂತದ ಡಾಂಟೆ ಕ್ರೀಡಾಂಗಣವನ್ನು ಬಿಟ್ಟುಕೊಟ್ಟಿತು. ಜರ್ಮನ್ ಮತ್ತು ಡಚ್ ಮಹಿಳೆಯರ ಪಂದ್ಯಕ್ಕೆ ಸಾವಿರಾರು ಪ್ರೇಕ್ಷಕರು ಬಂದರು. ಬೇಲಿ ಯಾರದೋ ನಿಷೇಧದ ಬಲ ಅವರದು.

ಈ ಮಾತಿಗೆ ಅತಿ ದೊಡ್ಡ ನಿದರ್ಶನ ೧೯೭೧ರ ಮೆಕ್ಸಿಕೋ. ಆ ವರ್ಷ ಅಲ್ಲಿ ಆರು ದೇಶಗಳ ಮಹಿಳಾ ತಂಡಗಳ ಪಂದ್ಯಾವಳಿ ನಡೆಯಿತು. ಅದಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾದ ಮಾನ್ಯತೆಯಿರಲಿಲ್ಲ. ಮೆಕ್ಸಿಕೋದ ಒಕ್ಕೂಟ ಮೈದಾನ ಕೊಟ್ಟ ಕ್ಲಬ್ಬುಗಳಿಗೆ ದಂಡ ಹಾಕುವುದಾಗಿ ಬೆದರಿಸಿತು. ಆದರೆ ಮೆಕ್ಸಿಕೋ ನಗರದ ಅಜ್ಟೆಕಾ ಮತ್ತು ಗ್ವಾದಲಹಾರದ ಹಲಿಸ್ಕೋ ಎಂಬ ಎರಡು ಮಹಾ ಕ್ರೀಡಾಂಗಣಗಳು ಖಾಸಗಿ ಒಡೆತನದಲ್ಲಿದ್ದುವು. ಅವುಗಳಲ್ಲಿಯೇ ಪಂದ್ಯಗಳೆಲ್ಲ ನಡೆದುವು. ಅಜ್ಟೆಕಾದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಡೆನ್ಮಾರ್ಕ್ ಮೆಕ್ಸಿಕೋವನ್ನು ಮೂರು ಗೋಲುಗಳಿಂದ ಸೋಲಿಸಿತು. ಮೂರನ್ನೂ ಹೊಡೆದವಳು ಹದಿನೈದು ವರ್ಷದ ಸುಸಾನ್ ಆಗಸ್ಟಸನ್. ನೋಡಿದವರು ಸುಮಾರು ೧,೧೦,೦೦೦ ಮಂದಿ. ಐವತ್ತು ವರ್ಷಗಳ ಕೆಳಗೆ ಗುಡಿಸನ್ ಪಾರ್ಕಿನಲ್ಲಿ ಕಂಡ ಸತ್ಯವೇ ಇಲ್ಲಿ ಮತ್ತೊಮ್ಮೆ ಕಂಡಿತು: ಬಾಗಿಲು ತೆರೆದರೆ ಜನ ಬರುತ್ತಾರೆ.

ಇದೇ ಹೊತ್ತಿನಲ್ಲಿ ಯುರೋಪಿನ ಸಂಸ್ಥೆಗಳ ಮನಸ್ಸು ಬದಲಾಗುತ್ತಿತ್ತು. ಇಂಗ್ಲೆಂಡಿನಲ್ಲಿ ೧೯೬೯ರಲ್ಲಿ ಹೊಸ ಮಹಿಳಾ ಸಂಘ ಹುಟ್ಟಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಹಳೆಯ ನಿರ್ಣಯ ರದ್ದಾಗಿ ಮೈದಾನಗಳು ತೆರೆದುವು. ೧೯೭೧ರ ನವೆಂಬರಿನಲ್ಲಿ ಯುರೋಪಿನ ಒಕ್ಕೂಟದ ಸದಸ್ಯ ದೇಶಗಳು ಮಹಿಳೆಯರ ಆಟವನ್ನು ತಮ್ಮ ರಾಷ್ಟ್ರೀಯ ಸಂಸ್ಥೆಗಳು ವಹಿಸಿಕೊಳ್ಳಬೇಕೆಂದು ಬಹುಮತದಿಂದ ತೀರ್ಮಾನಿಸಿದುವು; ವಿರೋಧಿಸಿದುದು ಸ್ಕಾಟ್ಲೆಂಡ್ ಒಂದೇ. ಇದನ್ನು ಬರಿಯ ಪಶ್ಚಾತ್ತಾಪವೆಂದು ತಿಳಿಯುವುದು ಸರಿಯಲ್ಲ. ವರ್ತಕರು ನಡೆಸಿದ ಪಂದ್ಯಾವಳಿಗೆ ಲಕ್ಷ ಜನ ಬಂದ ಮೇಲೆ, ಆಟವನ್ನು ಹೊರಗಿಡುವುದರಿಂದ ಅದರ ಮೇಲಿನ ಹಿಡಿತವೇ ತಪ್ಪುವ ಭಯವಿತ್ತು. ಮೆಕ್ಸಿಕೋಗೆ ಇಂಗ್ಲೆಂಡಿನ ಹೆಸರಿನಲ್ಲಿ ತಂಡವನ್ನು ಕೊಂಡೊಯ್ದ ಹ್ಯಾರಿ ಬ್ಯಾಟ್ ಎಂಬ ವ್ಯವಸ್ಥಾಪಕನ ಅವಸ್ಥೆ ಇದಕ್ಕೆ ಸಾಕ್ಷಿ. ತಂಡ ಮರಳಿದ ಮೇಲೆ ಹೊಸ ಮಹಿಳಾ ಸಂಘವೇ ಅವನಿಗೆ ಬಹಿಷ್ಕಾರ ಹಾಕಿತು. ಆಟಗಾರ್ತಿಯರೂ ಕೆಲವು ತಿಂಗಳು ಆಟದಿಂದ ಹೊರಗುಳಿಯಬೇಕಾಯಿತು.

ಬಾಗಿಲು ತೆರೆದರೂ ಹೊಸ್ತಿಲು ಎತ್ತರವಾಗಿಯೇ ಉಳಿಯಿತು. ೧೯೭೦ರಲ್ಲಿ ನಿಷೇಧವನ್ನು ತೆಗೆದ ಪಶ್ಚಿಮ ಜರ್ಮನಿಯ ಒಕ್ಕೂಟ ಮಹಿಳೆಯರಿಗೆ ಬೇರೆಯ ನಿಯಮಗಳನ್ನಿಟ್ಟಿತು: ಆಟ ಎಪ್ಪತ್ತು ನಿಮಿಷ ಮಾತ್ರ, ಚೆಂಡು ಚಿಕ್ಕದು, ಬೂಟಿನ ಅಡಿಯಲ್ಲಿ ಮೊಳೆಗುಬ್ಬಗಳು ಕೂಡದು, ಚಳಿಗಾಲದ ಆರು ತಿಂಗಳು ಬಿಡುವು. ಅಷ್ಟೇ ಏಕೆ, ಫಿಫಾ ೧೯೯೧ರಲ್ಲಿ ಚೀನದಲ್ಲಿ ನಡೆಸಿದ ಮೊದಲ ಮಹಿಳಾ ವಿಶ್ವ ಪಂದ್ಯಾವಳಿಯಲ್ಲಿಯೂ ಆಟ ತೊಂಬತ್ತಲ್ಲ, ಎಂಬತ್ತು ನಿಮಿಷವಾಗಿತ್ತು. ೧೯೨೧ರ ನಿರ್ಣಯದ ಮೊದಲ ವಾಕ್ಯ ಎಪ್ಪತ್ತು ವರ್ಷಗಳ ಮೇಲೂ ಹತ್ತು ನಿಮಿಷಗಳ ರೂಪದಲ್ಲಿ ಉಳಿದುಕೊಂಡಿತ್ತು. ಇಂಗ್ಲೆಂಡಿನ ಅಸೋಸಿಯೇಷನ್ನು ಮಹಿಳೆಯರ ಆಟದ ಆಡಳಿತವನ್ನು ನೇರವಾಗಿ ಕೈಗೆತ್ತಿಕೊಂಡುದು ೧೯೯೩ರಲ್ಲಿ. ನಿಷೇಧಕ್ಕಾಗಿ ಕ್ಷಮೆ ಕೇಳಿದುದು ೨೦೦೮ರಲ್ಲಿ.

ನಷ್ಟವನ್ನು ಅಳೆಯಲು ಒಂದು ಲೆಕ್ಕ ಸಾಕು. ಇಂಗ್ಲೆಂಡಿನ ನೆಲದಲ್ಲಿ ಮಹಿಳೆಯರ ಎರಡು ಕ್ಲಬ್ಬುಗಳ ನಡುವಣ ಪಂದ್ಯಕ್ಕೆ ೧೯೨೦ರ ಆ ೫೩,೦೦೦ವನ್ನು ಮೀರಿದ ಜನ ಕೂಡಲು ೨೦೨೩ರ ಮೇ ತಿಂಗಳು ಬರಬೇಕಾಯಿತು. ಕಾರ್ಖಾನೆಯ ಹುಡುಗಿಯರು ಮೂರು ವರ್ಷಗಳಲ್ಲಿ ಏರಿದ ಎತ್ತರವನ್ನು ಮತ್ತೆ ಮುಟ್ಟಲು ನೂರಾ ಎರಡು ವರ್ಷಗಳು ಹಿಡಿದುವು. ಎವರ್ಟನ್ ಕ್ಲಬ್ಬಿನ ಪುರುಷರ ತಂಡ ಹೊಸ ಕ್ರೀಡಾಂಗಣಕ್ಕೆ ಹೊರಟುಹೋದುದರಿಂದ, ೨೦೨೫ರಲ್ಲಿ ಗುಡಿಸನ್ ಪಾರ್ಕ್ ಅದರ ಮಹಿಳಾ ತಂಡದ ಸ್ವಂತ ನೆಲೆಯಾಯಿತು.